ಗಾಣ ಎಷ್ಟು ಸೆಕೆಂಡು ಕಿರುಗುಟ್ಟಬೇಕು?

ರೇಡಿಯೊ ಜಾಹೀರಾತಿನ ಸ್ಕ್ರಿಪ್ಟ್‌ಗಳನ್ನು ನಾಲ್ಕು ದಿನ ಓದಿದವರಿಗೆ ಒಂದು ಸಾಲು ಬಾಯಿಪಾಠವಾಗಿಬಿಡುತ್ತದೆ: ‘ಹಿನ್ನೆಲೆಯಲ್ಲಿ ಹಿತವಾದ ಸಂಗೀತ’. ಚಿನ್ನದಂಗಡಿಯಾಗಲಿ, ಹೊಸ ಬಡಾವಣೆಯ ಸೈಟಾಗಲಿ, ಮಂಡಿನೋವಿನ ತೈಲವಾಗಲಿ, ಇಂಗ್ಲಿಷ್ ಮಾಧ್ಯಮದ ಶಾಲೆಯಾಗಲಿ, ಎಲ್ಲಕ್ಕೂ ಅದೇ ಸಾಲು. ಬರೆದವರು ತಮ್ಮ ಕೆಲಸದ ಅರ್ಧ ಪಾಲನ್ನು ಸ್ಟುಡಿಯೊದವರ ತಲೆಗೆ ಕಟ್ಟಿದ್ದಾರೆ ಎಂದು ಅದರ ಅರ್ಥ. ಸಂಜೆ ಏಳು ಗಂಟೆಗೆ ಆ ಕಾಗದ ಕೈಗೆ ಬಂದಾಗ ಸೌಂಡ್ ಎಂಜಿನಿಯರ್ ಏನು ಮಾಡಬೇಕು? ಕಂಪ್ಯೂಟರಿನಲ್ಲಿರುವ ಸಂಗೀತದ ಭಂಡಾರ ತೆರೆಯುತ್ತಾನೆ, ಒಂದು ಕೊಳಲನ್ನು ಆರಿಸುತ್ತಾನೆ, ದನಿಯ ಕೆಳಗೆ ಹಾಸುತ್ತಾನೆ, ಮನೆಗೆ ಹೋಗುತ್ತಾನೆ. ಮರುದಿನ ಸೈಟಿನ ಜಾಹೀರಾತೂ ತೈಲದ ಜಾಹೀರಾತೂ ಅಣ್ಣತಮ್ಮಂದಿರ ಹಾಗೆ ಕೇಳಿಸುತ್ತವೆ.

ಸಂಗೀತ ಮತ್ತು ಸದ್ದನ್ನು ಮಾತಿನ ಜತೆಯಲ್ಲೇ, ಸ್ಕ್ರಿಪ್ಟಿನ ಒಳಗೇ ಬರೆಯಬೇಕು ಎಂದು ಈ ಕಸುಬಿನವರು ಹೇಳುವುದಕ್ಕೆ ಬಲವಾದ ಕಾರಣವಿದೆ. ಸದ್ದಿಗೆ ಒಂಟಿಯಾಗಿ ಗಟ್ಟಿಯಾದ ಅರ್ಥವಿಲ್ಲ. ಅದರ ಹಿಂದೆ ಮುಂದೆ ಏನಿದೆ, ಯಾರು ಏನು ಮಾತಾಡಿದರು ಎಂಬುದರ ಮೇಲೆ ಅದು ಬದಲಾಗುತ್ತದೆ. ಮಾತು ಬರೆದು ಮುಗಿದ ಮೇಲೆ ಸದ್ದು ಹುಡುಕಲು ಹೊರಟರೆ ಆ ಹಿಂದುಮುಂದನ್ನು ಕಟ್ಟಲು ಜಾಗವೇ ಉಳಿದಿರುವುದಿಲ್ಲ.

ನಮ್ಮ ಪಕ್ಕದ ಹೊಸೂರಿನಲ್ಲಿ ತಯಾರಾಗುವ ಟೈಟನ್ ಗಡಿಯಾರದ ಜಾಹೀರಾತನ್ನೇ ನೋಡಿ. ದೂರದರ್ಶನದ ಕಾಲದಲ್ಲಿ ಬೆಳೆದವರಿಗೆ ಆ ರಾಗ ಈಗಲೂ ನೆನಪಿರುತ್ತದೆ. ಅದು ಮೊಜಾರ್ಟ್ 1773ರಲ್ಲಿ, ತನ್ನ ಹದಿನೇಳನೆಯ ವಯಸ್ಸಿನಲ್ಲಿ ಬರೆದ 25ನೇ ಸಿಂಫನಿಯ ಮೊದಲ ಭಾಗದ್ದು. ಒಗಿಲ್ವಿ ಸಂಸ್ಥೆಯಲ್ಲಿದ್ದ ಸುರೇಶ್ ಮಲಿಕ್ ಅದನ್ನು ಆರಿಸಿದರು. ‘ಮಿಲೇ ಸುರ್ ಮೇರಾ ತುಮ್ಹಾರಾ’ದ ಹಿಂದಿದ್ದವರೂ ಅವರೇ. ಮೊಜಾರ್ಟನ ಆ ರಚನೆ ಮೂಲದಲ್ಲಿ ಶಾಂತವಾದದ್ದಲ್ಲ. ತಡವರಿಸಿ ಮುನ್ನುಗ್ಗುವ ಲಯ, ಒಳಗೊಂದು ಕಳವಳ. 1984ರ ‘ಅಮೇಡಿಯಸ್’ ಸಿನಿಮಾ ಇದೇ ಸಂಗೀತದೊಂದಿಗೆ ಶುರುವಾಗುತ್ತದೆ. ಅಲ್ಲಿ ಮುದುಕ ಸಾಲಿಯೇರಿ ಕತ್ತು ಕುಯ್ದುಕೊಂಡಿದ್ದಾನೆ, ಅವನನ್ನು ಹೊತ್ತುಕೊಂಡು ಹಿಮದ ಬೀದಿಯಲ್ಲಿ ಓಡುತ್ತಿದ್ದಾರೆ. ಅದೇ ಸ್ವರಗಳು ನಮ್ಮಲ್ಲಿ ಉಡುಗೊರೆಯ ಡಬ್ಬಿ ತೆರೆದು ಯಾರೋ ನಗುವಾಗ ಬಂದು, ಸೊಗಸು, ಶ್ರೀಮಂತಿಕೆ, ಪ್ರೀತಿ ಎಂದೆಲ್ಲ ಆಗಿಬಿಟ್ಟವು. ವಾದ್ಯಗಳು ಬದಲಾಗುತ್ತ ಹೋದರೂ ಆ ಕಂಪನಿ ರಾಗವನ್ನು ಮಾತ್ರ ದಶಕಗಳ ಕಾಲ ಬಿಡಲಿಲ್ಲ. ಒಂದೇ ಸಂಗೀತಕ್ಕೆ ಎರಡು ಮನಸ್ಥಿತಿ ಬಂದದ್ದು ಅದರ ಸುತ್ತ ಬರೆದ ದೃಶ್ಯಗಳಿಂದ.

ಹಾಗೆಂದು ಯಾವ ಸಂಗೀತವನ್ನು ಎಲ್ಲಿ ಬೇಕಾದರೂ ಇಡಬಹುದು ಎಂದಲ್ಲ. ಕೇಳುವವರ ತಲೆಯಲ್ಲಿ ಮೊದಲೇ ಕೂತಿರುವ ನಂಟುಗಳು ಇರುತ್ತವೆ, ಅವು ಸದ್ದಿಲ್ಲದೆ ಕೆಲಸ ಮಾಡುತ್ತವೆ. ಇಂಗ್ಲೆಂಡಿನ ಒಂದು ಸೂಪರ್‌ಮಾರ್ಕೆಟ್ಟಿನಲ್ಲಿ ಏಡ್ರಿಯನ್ ನಾರ್ತ್ ಮತ್ತು ಸಂಗಡಿಗರು ಮಾಡಿದ ಪ್ರಯೋಗ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ವೈನ್ ಕಪಾಟಿನ ಬಳಿ ಒಂದು ದಿನ ಫ್ರೆಂಚ್ ಅಕಾರ್ಡಿಯನ್, ಮಾರನೆಯ ದಿನ ಜರ್ಮನ್ ಬ್ಯಾಂಡು. ಫ್ರೆಂಚ್ ಸಂಗೀತದ ದಿನ ಫ್ರೆಂಚ್ ವೈನು, ಜರ್ಮನ್ ಸಂಗೀತದ ದಿನ ಜರ್ಮನ್ ವೈನು ಹೆಚ್ಚು ಮಾರಾಟವಾಯಿತು. ಸಂಗೀತದಿಂದಾಗಿ ಕೊಂಡಿರೇ ಎಂದು ಕೇಳಿದರೆ ಬಹುಪಾಲು ಗಿರಾಕಿಗಳು ಒಪ್ಪಲಿಲ್ಲ. ಇದರ ಮಿತಿಯನ್ನೂ ಗಮನಿಸಬೇಕು. ಆ ಅಕಾರ್ಡಿಯನ್ ಫ್ರಾನ್ಸನ್ನು ನೆನಪಿಸುತ್ತದೆ ಎಂಬ ನಂಟು ಅಲ್ಲಿನ ಜನಕ್ಕೆ ಮೊದಲೇ ಇತ್ತು. ಅದೇ ಸದ್ದು ಗುಬ್ಬಿಯ ಸಂತೆಯಲ್ಲಿ ಬಂದರೆ ಯಾವುದೋ ಹಳೆಯ ಹಿಂದಿ ಸಿನಿಮಾ ನೆನಪಾದೀತು, ಅಷ್ಟೇ.

ನಮ್ಮ ನಂಟುಗಳು ನಮ್ಮವೇ, ಅವು ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುತ್ತವೆ. ವಾಲಗದ ಸದ್ದು ಕೇಳಿದರೆ ಹಳೆ ಮೈಸೂರಿನ ಕಡೆಯವರಿಗೆ ಮದುವೆ ಮನೆ ನೆನಪಾಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಶಂಖ ಮತ್ತು ಜಾಗಟೆ? ಪೂಜೆಯಲ್ಲಿ ಊದುವುದೂ ಬಾರಿಸುವುದೂ ಅದನ್ನೇ. ಅನೇಕ ಹಳ್ಳಿಗಳಲ್ಲಿ ಹೆಣದ ಮುಂದೆ ದಾಸಯ್ಯ ಊದುತ್ತ ಬಾರಿಸುತ್ತ ಹೋಗುವುದೂ ಅದನ್ನೇ. ತಮಟೆಯೂ ಹಾಗೆಯೇ, ಜಾತ್ರೆಗೂ ಬರುತ್ತದೆ, ಶವಯಾತ್ರೆಗೂ ಬರುತ್ತದೆ. ಜೀವವಿಮೆಯ ಜಾಹೀರಾತನ್ನು ‘ಮಂಗಳಕರ’ವಾಗಿ ಶುರುಮಾಡಲು ಹೋಗಿ ಯಾರಾದರೂ ಬರೀ ಶಂಖ ಜಾಗಟೆ ಇಟ್ಟರೆ ಮಂಡ್ಯದ ಕೇಳುಗನಿಗೆ ಏನನ್ನಿಸೀತು ಎಂದು ಯೋಚಿಸಿ. ಅದೇ ಸದ್ದಿನ ಮೊದಲು ‘ಮಂಗಳಾರತಿ ಆಗ್ತಿದೆ, ಬೇಗ ಬಾರೋ’ ಎಂಬ ಒಂದು ಕೂಗು ಇದ್ದರೆ ಸಾಕು, ಗುಡಿಯ ಚಿತ್ರ ಕೂತುಬಿಡುತ್ತದೆ.

ಇನ್ನು ಒಂದು ಸ್ಕ್ರಿಪ್ಟನ್ನೇ ಎತ್ತಿಕೊಂಡು ನೋಡೋಣ. ಮರದ ಗಾಣದಲ್ಲಿ ಕಡಲೆಕಾಯಿ ಎಣ್ಣೆ ತೆಗೆದು ಮಾರುವ ಒಂದು ಸಣ್ಣ ಸಂಸ್ಥೆ ಇದೆ ಎಂದಿಟ್ಟುಕೊಳ್ಳಿ. ಎಫ್‌ಎಂನಲ್ಲಿ 30 ಸೆಕೆಂಡಿನ ಜಾಹೀರಾತು ಬೇಕು. ‘ಶುದ್ಧ, ಸಾಂಪ್ರದಾಯಿಕ, ಮನೆಯ ರುಚಿ’ ಅನ್ನಿಸಬೇಕು ಎನ್ನುತ್ತಾರೆ ಮಾಲೀಕರು. ಈ ಮೂರು ಮಾತುಗಳನ್ನು ಇಟ್ಟುಕೊಂಡು ಕೂತರೆ ಕೈ ತಾನಾಗಿ ಬರೆಯುವುದು ಕೊಳಲು, ಎತ್ತಿನ ಗೆಜ್ಜೆ, ಕೋಳಿ ಕೂಗು. ಉಪ್ಪಿನಕಾಯಿ, ರಾಗಿ ಹಿಟ್ಟು, ಹಪ್ಪಳ, ಎಲ್ಲವೂ ಆ ಹಾದಿಯಲ್ಲಿ ಹೋಗಿ ಬಂದಿವೆ.

ಹಾಗಾಗಿ ಬರೆಯುವವರು ಮಾಲೀಕರನ್ನು ಬೇರೆ ಪ್ರಶ್ನೆ ಕೇಳಬೇಕು: ಗಿರಾಕಿ ಅಂಗಡಿಗೆ ಬಂದಾಗ ನಿಮ್ಮೊಂದಿಗೆ ಯಾವುದಕ್ಕೆ ಜಗಳ ಆಡುತ್ತಾರೆ? ಉತ್ತರ ಬೆಲೆ. ಗಾಣದೆಣ್ಣೆ ಪ್ಯಾಕೆಟ್ ಎಣ್ಣೆಗಿಂತ ದುಬಾರಿ, ಯಾಕೆ ಎಂದು ಜನ ಕೇಳುತ್ತಾರೆ. ಗಾಣ ನಿಧಾನ, ಒಂದು ದಿನಕ್ಕೆ ಇಳಿಯುವ ಎಣ್ಣೆ ಕಡಿಮೆ ಎಂಬುದು ಮಾಲೀಕರ ಸಮಜಾಯಿಷಿ. ಅಲ್ಲಿಗೆ ಈ ಬ್ರ್ಯಾಂಡಿನ ಮನಸ್ಥಿತಿ ಸಿಕ್ಕಿತು. ಹಳ್ಳಿಯ ಹಳೆಯ ನೆನಪನ್ನು ಮಾರುವುದು ಬೇಡ. ‘ಅವಸರ ಇಲ್ಲ, ಮುಚ್ಚುಮರೆಯೂ ಇಲ್ಲ’ ಅನ್ನಿಸಿದರೆ ಸಾಕು. ಇದಕ್ಕೊಂದು ಅನುಕೂಲವಿದೆ. ‘ಶುದ್ಧ’ ಹೇಗೆ ಕೇಳಿಸುತ್ತದೆ ಎಂದು ಯಾರಿಗೂ ಗೊತ್ತಿಲ್ಲ, ‘ನಿಧಾನ’ ಹೇಗೆ ಕೇಳಿಸುತ್ತದೆ ಎಂದು ಎಲ್ಲರಿಗೂ ಗೊತ್ತು. ಗುಣವಾಚಕವನ್ನು ಕಿವಿಗೆ ಬೀಳುವ ಸಂಗತಿಯನ್ನಾಗಿ ಮಾಡುವುದೇ ಈ ಕೆಲಸದ ಕಷ್ಟದ ಭಾಗ.

ನಿಧಾನದ ಸದ್ದು ಗಾಣದ ಮನೆಯಲ್ಲೇ ಇದೆ. ಈಗಿನ ಗಾಣಗಳು ಬಹುತೇಕ ಮೋಟರಿನವು, ಆದರೂ ಮರದ ಒನಕೆ ತಿರುಗುವುದು ನಿಮಿಷಕ್ಕೆ ಹತ್ತು ಹದಿನೈದು ಸುತ್ತು ಮಾತ್ರ. ಹನ್ನೆರಡು ಎಂದಿಟ್ಟುಕೊಂಡರೆ ಒಂದು ಸುತ್ತಿಗೆ ಐದು ಸೆಕೆಂಡು. ಮೂವತ್ತು ಸೆಕೆಂಡಿನ ಜಾಹೀರಾತು ಎಂದರೆ ಆರು ಸುತ್ತು, ಸುತ್ತಿಗೊಮ್ಮೆ ಒಂದು ಕಿರುಗು. ಸ್ಕ್ರಿಪ್ಟ್ ಹೀಗೆ ಬರಬಹುದು. ಕಂಸದೊಳಗಿನವು ಸದ್ದಿನ ಸೂಚನೆಗಳು. ಇಂಗ್ಲಿಷಿನಲ್ಲಿ ಇವನ್ನು ದೊಡ್ಡಕ್ಷರದಲ್ಲಿ ಬರೆಯುತ್ತಾರೆ, ಕನ್ನಡದಲ್ಲಿ ಆ ಸೌಲಭ್ಯವಿಲ್ಲದ್ದರಿಂದ ಕಂಸ ಹಾಕುತ್ತೇವೆ ಇಲ್ಲವೇ ಅಡಿಗೆರೆ ಎಳೆಯುತ್ತೇವೆ.

(ಮರದ ಗಾಣ, ಒಂದು ಪೂರ್ತಿ ಸುತ್ತು. ಶುರುವಿನಲ್ಲೇ ಕಿರುಗು. ಮೋಟರ್ ಸದ್ದು ಬೇಡ, ಸಂಗೀತ ಬೇಡ. 5 ಸೆಕೆಂಡು.)

ಸೊಸೆ: ಏನತ್ತೆ, ಇದು ಇಷ್ಟು ನಿಧಾನ!

(ಗಾಣ ಮಾತಿನ ಕೆಳಗೆ ಸಣ್ಣಗೆ ಮುಂದುವರಿಯಲಿ.)

ಅತ್ತೆ: ಜೋರಾಗಿ ತಿರುಗಿದ್ರೆ ಬಿಸಿ ಆಗತ್ತೆ ಕಣಮ್ಮ. (ಕಿರುಗು) ಎಣ್ಣೆ ನಿಧಾನವಾಗೇ ಇಳೀಬೇಕು.

ಸೊಸೆ: ಹಾಗಿದ್ರೆ ಒಗ್ಗರಣೆ ಹಾಕೇ ನೋಡ್ತೀನಿ.

(ಗಾಣ ಸಟ್ಟನೆ ಕಟ್. ಅರ್ಧ ಸೆಕೆಂಡು ಏನೂ ಇಲ್ಲ. ಸಾಸಿವೆಯ ಒಂದು ಕಾಳು ಸಿಡಿಯುತ್ತದೆ, ಇನ್ನೊಂದು, ಆಮೇಲೆ ಚಟಪಟ. ಕರಿಬೇವು ಬಿದ್ದು ಚುಂಯ್. ಒಟ್ಟು 4 ಸೆಕೆಂಡು.)

ನಿರೂಪಕಿ: ಮರದ ಗಾಣದಲ್ಲಿ ತೆಗೆದ ಕಡಲೆಕಾಯಿ ಎಣ್ಣೆ. ಬೆಲೆ ಸ್ವಲ್ಪ ಜಾಸ್ತಿ. ಯಾಕೆ ಅಂತ ಬಂದು ನೋಡಿ.

(ವೀಣೆ, ನಾಲ್ಕು ಸ್ವರ. ನಾಲ್ಕನೆಯ ಸ್ವರ ಕರಗುವಾಗ ಬ್ರ್ಯಾಂಡಿನ ಹೆಸರು. ಗಾಣದ ಒಂದು ಕಿರುಗು, ನಿಲುಗಡೆ.)

ಹೆಸರು ಬಿಟ್ಟರೆ ಮಾತುಗಳು ಮೂವತ್ತರೊಳಗೆ ಮುಗಿದವು. ಸಮಾಧಾನದಿಂದ ಮಾತಾಡಿದರೆ ಕನ್ನಡದಲ್ಲಿ ಸೆಕೆಂಡಿಗೆ ಎರಡು ಪದ ಹಿಡಿಸುತ್ತವೆ, ಹಾಗಾಗಿ ಈ ಜಾಗದಲ್ಲಿ ಅರವತ್ತು ಪದ ತುಂಬಬಹುದಿತ್ತು. ಮಾಲೀಕರು ಖಂಡಿತ ಕೇಳುತ್ತಾರೆ, ‘ಕೊಟ್ಟ ದುಡ್ಡಿಗೆ ಅರ್ಧ ಹೊತ್ತು ಸುಮ್ಮನೆ ಯಾಕೆ ಬಿಟ್ಟಿರಿ, ಫೋನ್ ನಂಬರು, ಎರಡು ಬ್ರಾಂಚು, ಮನೆಗೆ ತಲುಪಿಸುತ್ತೇವೆ ಅಂತ ಹಾಕಿ’ ಎಂದು. ಹಾಕಿದರೆ ಗಾಣಕ್ಕೆ ಸಿಗುವುದು ಒಂದೂವರೆ ಸೆಕೆಂಡು. ಒಂದೂವರೆ ಸೆಕೆಂಡಿನ ಕಿರುಗು ಗಾಣವಲ್ಲ, ಎಣ್ಣೆ ಕಾಣದ ಬಾಗಿಲು. ಬರೀ ಐದು ಸೆಕೆಂಡಿನ ಕಿರುಗುಟ್ಟುವಿಕೆ ಕೇಳುಗನನ್ನು ತುಸು ಕಾಯಿಸುತ್ತದೆ, ಇದೇನು ಇಷ್ಟು ನಿಧಾನ ಎಂದು ಅವನಿಗೇ ಅನ್ನಿಸುವ ಹೊತ್ತಿಗೆ ಸೊಸೆ ಅದನ್ನೇ ಹೇಳುತ್ತಾಳೆ. ಆ ಕಾಯುವಿಕೆ ಇಲ್ಲದಿದ್ದರೆ ಅವಳ ಮಾತು ಬರೀ ಬರೆದುಕೊಟ್ಟ ಡೈಲಾಗು.

ಅತ್ತೆಯ ಎರಡು ವಾಕ್ಯಗಳ ನಡುವೆ ಕಿರುಗು ಎಂದು ಬರೆದದ್ದಕ್ಕೂ ಲೆಕ್ಕವಿದೆ. ಮೊದಲ ಕಿರುಗು ಶುರುವಿನಲ್ಲಿ, ಎರಡನೆಯದು ಐದನೆಯ ಸೆಕೆಂಡಿನಲ್ಲಿ ಸೊಸೆ ಬಾಯಿ ತೆರೆಯುವ ಮುನ್ನ, ಮೂರನೆಯದು ಹತ್ತನೆಯ ಸೆಕೆಂಡಿನಲ್ಲಿ. ಸೊಸೆಯ ಮಾತಿಗೆ ಎರಡು ಸೆಕೆಂಡು, ಅತ್ತೆಯ ಮೊದಲ ವಾಕ್ಯಕ್ಕೆ ಎರಡೂವರೆ. ಅಲ್ಲಿಗೆ ಹತ್ತರ ಹತ್ತಿರ ಬಂದಿರುತ್ತೇವೆ. ಅತ್ತೆ ಗಾಣದ ಲಯಕ್ಕೆ ಮಾತಾಡುತ್ತಾಳೆ ಎಂದು ಯಾರೂ ಗುರುತಿಸಲಾರರು, ಆದರೆ ಅವಳು ಆ ಗಾಣದ ಪಕ್ಕದಲ್ಲೇ ಬಾಳಿದವಳು ಅನ್ನಿಸುತ್ತದೆ. ಕಿರುಗು ಒಂದು ಪದದ ಮಧ್ಯೆ ಬಿದ್ದರೆ ಆ ಪದವೂ ಕೇಳಿಸುವುದಿಲ್ಲ, ಕಿರುಗೂ ಕೇಳಿಸುವುದಿಲ್ಲ.

ಇನ್ನು ಒಗ್ಗರಣೆಯ ಮಾತು. ಕಾದ ಎಣ್ಣೆಯ ಭುಸ್ ಎಂಬ ಸದ್ದನ್ನು ಮೈಕ್ ಹಿಡಿದು ರೆಕಾರ್ಡ್ ಮಾಡಿ ಕಣ್ಣು ಮುಚ್ಚಿ ಕೇಳಿ. ಅದು ಮಳೆಯೂ ಆಗಬಹುದು, ದೂರದ ಚಪ್ಪಾಳೆಯೂ ಆಗಬಹುದು, ಸ್ಟೇಷನ್ ಸಿಗದ ರೇಡಿಯೊದ ಗೊರಗೊರವೂ ಆಗಬಹುದು. ರೇಡಿಯೊ ನಾಟಕದವರು ಈ ಗೊಂದಲವನ್ನೇ ಬಂಡವಾಳ ಮಾಡಿಕೊಂಡು, ಒಂದರ ಸದ್ದನ್ನು ಇನ್ನೊಂದರದ್ದೆಂದು ದಾಟಿಸಿದ್ದುಂಟು. ಜಾಹೀರಾತಿನಲ್ಲಿ ಮಾತ್ರ ಇದು ಅಪಾಯ: ಎಣ್ಣೆಯ ಜಾಹೀರಾತಿನ ನಡುವೆ ಮಳೆ ಯಾಕೆ ಬಂತು ಎಂದು ಕೇಳುಗ ಒಂದು ಕ್ಷಣ ತಬ್ಬಿಬ್ಬಾದರೆ ಆ ಕ್ಷಣದಲ್ಲಿ ನಿಮ್ಮ ಹೆಸರು ದಾಟಿಹೋಗಿರುತ್ತದೆ.

ಅದಕ್ಕೆ ಎರಡು ಬೀಗದಕೈ ಕೊಟ್ಟಿದೆ. ಮೊದಲನೆಯದು ಸೊಸೆಯ ‘ಒಗ್ಗರಣೆ’ ಎಂಬ ಪದ, ಅದು ಸದ್ದಿಗಿಂತ ಮುಂಚೆಯೇ ಬರಬೇಕು. ಸದ್ದು ಮುಗಿದ ಮೇಲೆ ‘ಆಹಾ, ಒಗ್ಗರಣೆ!’ ಎಂದರೆ ಕೇಳುಗ ಹಿಂದಕ್ಕೆ ಹೋಗಿ ಅರ್ಥ ಕಟ್ಟಿಕೊಳ್ಳಬೇಕು, ರೇಡಿಯೊದಲ್ಲಿ ಹಿಂದಕ್ಕೆ ಹೋಗಲು ಆಗುವುದಿಲ್ಲ. ಎರಡನೆಯದು ಸಾಸಿವೆ. ಭುಸ್ ಎನ್ನುವುದಕ್ಕೆ ಹತ್ತು ಅರ್ಥ ಇರಬಹುದು, ಆದರೆ ಮೊದಲು ಒಂದು ಕಾಳು, ತುಸು ಬಿಟ್ಟು ಇನ್ನೊಂದು, ಆಮೇಲೆ ಒಟ್ಟಿಗೇ ಚಟಪಟ ಎನ್ನುವ ಕ್ರಮ ನಮ್ಮ ಅಡುಗೆಮನೆಯಲ್ಲಲ್ಲದೆ ಬೇರೆಲ್ಲೂ ಇಲ್ಲ. ಅದಕ್ಕೇ ಸ್ಕ್ರಿಪ್ಟಿನಲ್ಲಿ ‘ಒಗ್ಗರಣೆಯ ಸದ್ದು’ ಎಂದಷ್ಟೇ ಬರೆಯದೆ ಕಾಳಿನ ಲೆಕ್ಕವನ್ನೇ ಬರೆದದ್ದು. ಸ್ಟುಡಿಯೊದ ಭಂಡಾರದಲ್ಲಿ ಹುಡುಕಿದರೆ ಸಿಗುವುದು ಬೇರೆ ದೇಶದ ಬಾಣಲಿಯಲ್ಲಿ ಮಾಂಸ ಹುರಿಯುವ ಸದ್ದು. ಸಾಸಿವೆಯನ್ನು ಮನೆಯಲ್ಲೇ, ಫ್ಯಾನು ಆರಿಸಿ, ರೆಕಾರ್ಡ್ ಮಾಡಿಕೊಳ್ಳುವುದು ಒಳ್ಳೆಯದು.

ಅದರ ಹಿಂದಿನ ಅರ್ಧ ಸೆಕೆಂಡಿನ ಮೌನವನ್ನೂ ಬರೆದೇ ತೋರಿಸಬೇಕು. ಬರೆಯದಿದ್ದರೆ ಎಡಿಟಿಂಗ್‌ನಲ್ಲಿ ಅದು ಮೊದಲು ಹೋಗುತ್ತದೆ, ಯಾಕೆಂದರೆ ಪರದೆಯ ಮೇಲೆ ಅದು ಖಾಲಿ ಗೆರೆ, ಯಾರೋ ಮರೆತದ್ದು ಅನ್ನಿಸುತ್ತದೆ. ಗಾಣದ ಮನೆಯಿಂದ ಅಡುಗೆಮನೆಗೆ ನಾವು ಬಂದೆವು ಎಂದು ಹೇಳುವುದು ಆ ಖಾಲಿಯೇ. ಜತೆಗೆ, ಸತತವಾಗಿ ಕೇಳಿಬರುತ್ತಿದ್ದ ಸದ್ದು ತಟ್ಟನೆ ನಿಂತಾಗ ಬೇರೆ ಕೆಲಸದಲ್ಲಿದ್ದವರೂ ಕಿವಿಗೊಡುತ್ತಾರೆ. ಆ ಗಳಿಗೆಯನ್ನು ಸಾಸಿವೆಗೆ ಮೀಸಲಿಟ್ಟಿದ್ದೇವೆ.

ಇಡೀ ಜಾಹೀರಾತಿನಲ್ಲಿ ಸಂಗೀತ ಎಂದು ಇರುವುದು ಕೊನೆಯ ನಾಲ್ಕು ಸ್ವರ. ಇಂಥ ಪುಟ್ಟ ಗುರುತುಗಳು ಹೊಸತಲ್ಲ. ಬ್ರಿಟಾನಿಯಾದ ಟಿಂಗ್ ಟಿಂಗ್ ಟಿಟಿಂಗ್, 1994ರಲ್ಲಿ ವಾಲ್ಟರ್ ವೆರ್ಜೋವಾ ಇಂಟೆಲ್‌ಗಾಗಿ ಮಾಡಿದ ಐದು ಸ್ವರ ಎಲ್ಲವೂ ಈ ಜಾತಿಯವೇ. ಇಲ್ಲಿ ವೀಣೆಯನ್ನು ಆರಿಸಿದ್ದು ಅದು ಮೈಸೂರಿನ ಹೆಮ್ಮೆ ಎಂಬ ಕಾರಣಕ್ಕಲ್ಲ. ಮೀಟಿದ ತಂತಿಯ ನಾದ ಹುಟ್ಟಿದ ಕೂಡಲೇ ಕರಗಲು ತೊಡಗುತ್ತದೆ, ಆ ಕರಗುವ ಜಾಗದಲ್ಲಿ ಹೆಸರು ಆರಾಮಾಗಿ ಕೂರುತ್ತದೆ. ಕೊಳಲಿನದೋ ಪಿಟೀಲಿನದೋ ಸ್ವರ ಎಳೆದುಕೊಂಡು ನಿಲ್ಲುತ್ತದೆ, ಮನುಷ್ಯನ ದನಿಯ ಆಸುಪಾಸಿನಲ್ಲೇ ಹಾಡುತ್ತದೆ, ಮಾತಿನೊಡನೆ ಪೈಪೋಟಿಗೆ ಬೀಳುತ್ತದೆ. ಸಾಹಿತ್ಯವಿರುವ ಹಾಡನ್ನು ಮಾತಿನ ಕೆಳಗೆ ಇಡುವುದಂತೂ ಇಬ್ಬರು ಒಟ್ಟಿಗೆ ಮಾತಾಡಿದಂತೆಯೇ.

ಇಲ್ಲ, ಮಾತಿನ ಕೆಳಗೆ ಸಂಗೀತ ಬೇಕೇ ಬೇಕು ಎಂದು ಮಾಲೀಕರು ಹಟ ಹಿಡಿದರೆ? ಕೊಡಬಹುದು, ಆದರೆ ವೇಗವನ್ನು ಗಾಣಕ್ಕೇ ಕೇಳಬೇಕು. ಐದು ಸೆಕೆಂಡಿನ ಸುತ್ತಿಗೆ ಆರು ಎಣಿಕೆ ಬೀಳುವಂತೆ ನಿಮಿಷಕ್ಕೆ 72ರ ನಡೆ ಇಟ್ಟರೆ ಗಾಣದ ಒಂದು ಸುತ್ತು ಸರಿಯಾಗಿ ರೂಪಕ ತಾಳದ ಒಂದು ಆವರ್ತವಾಗುತ್ತದೆ. ಕಿರುಗು ಪ್ರತಿ ಬಾರಿಯೂ ಸಮದ ಮೇಲೆ ಬೀಳುತ್ತದೆ, ಗಾಣವೇ ಒಂದು ವಾದ್ಯವಾಗುತ್ತದೆ. ಅದೇ ಸಂಗೀತವನ್ನು 80ಕ್ಕೆ ಏರಿಸಿದರೆ ಎರಡನೆಯ ಸುತ್ತಿಗೇ ಕಿರುಗು ತಾಳ ತಪ್ಪುತ್ತದೆ, ರೆಕಾರ್ಡಿಂಗಿನಲ್ಲಿ ಏನೋ ಕೆಟ್ಟಿದೆ ಎಂದು ಕೇಳುಗನಿಗೆ ಅನ್ನಿಸುತ್ತದೆ. ಆದ್ದರಿಂದ ಸ್ಕ್ರಿಪ್ಟಿನಲ್ಲಿ ‘ನಿಧಾನ ಸಂಗೀತ’ ಎಂದು ಬರೆಯುವ ಬದಲು ‘ಮೃದಂಗ ಮಾತ್ರ, ನಿಮಿಷಕ್ಕೆ 72, ಸಮ ಕಿರುಗಿನ ಮೇಲೆ’ ಎಂದು ಬರೆದುಬಿಟ್ಟರೆ ಯಾರಿಗೂ ಊಹಿಸುವ ಕೆಲಸ ಇರುವುದಿಲ್ಲ.

ಬರೆಯುವ ಮೇಜಿನ ಮೇಲೇ ಬಗೆಹರಿಸಬೇಕಾದ ಇನ್ನೊಂದು ತಕರಾರು ಹಕ್ಕಿನದು. ‘ಆ ಸಿನಿಮಾದ ಆ ಹಾಡಿನ ಥರ’ ಎಂದು ಸ್ಕ್ರಿಪ್ಟಿನಲ್ಲಿ ಬರೆದರೆ, ಮಾಲೀಕರಿಗೆ ತೋರಿಸುವ ದಿನ ಯಾರೋ ಅದೇ ಹಾಡನ್ನು ಕೆಳಗೆ ಹಾಸಿ ಕೇಳಿಸುತ್ತಾರೆ. ಅವರು ಅದಕ್ಕೆ ಮನಸೋಲುತ್ತಾರೆ, ಆಮೇಲೆ ಬೇರೆ ಏನು ಮಾಡಿದರೂ ಸಪ್ಪೆ. ಹಾಡಿನ ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಬೇರೆ, ರೆಕಾರ್ಡಿಂಗಿನ ಹಕ್ಕು ಬೇರೆ. ಜಾಹೀರಾತಿಗೆ ಎರಡರ ಒಪ್ಪಿಗೆಯೂ ಬೇಕು. ನಮ್ಮ ಕಾನೂನಿನಲ್ಲಿ ರಚನೆಯ ಹಕ್ಕು ರಚನಕಾರ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಮೊಜಾರ್ಟನ ಸ್ವರಗಳಿಗೋ ತ್ಯಾಗರಾಜರ ಕೃತಿಗೋ ಈಗ ಯಾರೂ ದುಡ್ಡು ಕೇಳುವಂತಿಲ್ಲ, ಆದರೆ ಕಳೆದ ವರ್ಷ ಒಬ್ಬ ವಿದ್ವಾಂಸರು ನುಡಿಸಿದ ಅದರ ರೆಕಾರ್ಡಿಂಗನ್ನು ಕೇಳದೆ ಎತ್ತಿಕೊಂಡರೆ ಅದು ಕಳ್ಳತನವೇ. ವೀಣೆಯ ನಾಲ್ಕು ಸ್ವರವನ್ನು ಹೊಸದಾಗಿ ಕಟ್ಟಿಸಿ, ನುಡಿಸಿದವರಿಂದ ಕಾಗದದ ಮೇಲೆ ಹಕ್ಕು ಬರೆಸಿಕೊಳ್ಳುವುದು ಸಣ್ಣ ಸಂಸ್ಥೆಗೂ ಎಟುಕುವ ದಾರಿ.

ಎಲ್ಲ ಆದ ಮೇಲೆ ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ? ಮಾತುಗಳನ್ನು ತೆಗೆದು ಬರೀ ಸದ್ದುಗಳನ್ನು ಅದೇ ಕ್ರಮದಲ್ಲಿ ಜೋಡಿಸಿ, ಈ ಕೆಲಸದ ಗಂಧಗಾಳಿ ಇಲ್ಲದ ಒಬ್ಬರಿಗೆ ಕೇಳಿಸಿ. ಚೆನ್ನಾಗಿದೆಯೇ ಎಂದು ಕೇಳಬೇಡಿ. ಇದು ಎಲ್ಲಿ ನಡೆಯುತ್ತಿದೆ, ಹೊತ್ತು ಯಾವುದು, ಅಲ್ಲಿರುವವರು ಅವಸರದಲ್ಲಿದ್ದಾರೆಯೇ ಎಂದು ಕೇಳಿ. ‘ಹಳೇ ಮನೆ ಬಾಗಿಲು, ಆಮೇಲೆ ಅಡುಗೆ’ ಎಂದರೆ ಅಡುಗೆಯಲ್ಲಿ ಗೆದ್ದಿದ್ದೀರಿ, ಗಾಣದಲ್ಲಿ ಸೋತಿದ್ದೀರಿ. ಗಾಣ ನೋಡಿಯೇ ಇಲ್ಲದ ನಗರದ ಕೇಳುಗರಿಗಾಗಿ ಆಗ ಸೊಸೆಯ ಬಾಯಲ್ಲಿ ‘ಈ ಗಾಣ ಇಷ್ಟು ನಿಧಾನ’ ಎಂದು ಹೆಸರು ಹಿಡಿದೇ ಹೇಳಿಸಬೇಕಾಗುತ್ತದೆ.

ಎರಡನೆಯ ಪರೀಕ್ಷೆ ಯಂತ್ರದ್ದು. ಸ್ಟುಡಿಯೊದ ದೊಡ್ಡ ಸ್ಪೀಕರಿನಲ್ಲಿ ಗಾಣದ ಒನಕೆಯ ತಗ್ಗಿದ ಗುಡುಗುಡು ಎದೆಗೆ ತಟ್ಟುತ್ತದೆ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಆ ತಗ್ಗಿನ ಸದ್ದು ಬಹುಮಟ್ಟಿಗೆ ಮಾಯವಾಗಿ, ಮೇಲಿನ ಕಿರುಗು ಮಾತ್ರ ಉಳಿಯುತ್ತದೆ. ಇಡೀ ಜಾಹೀರಾತು ಆ ಗುಡುಗುಡುವಿನ ಮೇಲೆ ನಿಂತಿದ್ದರೆ ಜನರಿಗೆ ತಲುಪುವುದು ಏನೂ ಇಲ್ಲ. ನೀವು ಅಂಗಡಿಯ ಮಾಲೀಕರಾಗಿದ್ದು, ನಾಳೆ ಇಂಥ ಒಂದು ಜಾಹೀರಾತಿಗೆ ಒಪ್ಪಿಗೆ ಕೊಡಬೇಕಾದರೆ, ಸ್ಟುಡಿಯೊದ ತಣ್ಣನೆಯ ಕೋಣೆಯಲ್ಲಿ ಕೂತು ತಲೆಯಾಡಿಸಬೇಡಿ. ಫೋನಿಗೆ ಹಾಕಿಸಿಕೊಂಡು ಮನೆಗೆ ಬನ್ನಿ, ಅಡುಗೆಮನೆಯಲ್ಲಿ ಮಿಕ್ಸಿ ಓಡುವಾಗ ಒಮ್ಮೆ ಕೇಳಿ, ಆಮೇಲೆ ಸಹಿ ಹಾಕಿ.